ಕೊನೆಯ ಅಂಕಿಯಿಂದ ಶುರು

153ರಲ್ಲಿರುವ ಮೂರು ಅಂಕಿಗಳನ್ನು ಬೇರೆ ಮಾಡಿ, ಒಂದೊಂದರ ಘನ ಕಂಡುಹಿಡಿದು ಕೂಡಿಸಿ ನೋಡಿ. 1ರ ಘನ 1, 5ರ ಘನ 125, 3ರ ಘನ 27. ಮೂರನ್ನೂ ಕೂಡಿದರೆ ಸಿಗುವುದು ಮತ್ತೆ 153. ಮೂರಂಕಿಯ ಸಂಖ್ಯೆಗಳು ಒಟ್ಟು 900 ಇವೆ. ಅವುಗಳಲ್ಲಿ ಈ ಗುಣ ಇರುವುದು ನಾಲ್ಕಕ್ಕೆ ಮಾತ್ರ: 153, 370, 371 ಮತ್ತು 407.

ಪ್ರೋಗ್ರಾಮಿಂಗ್ ಕಲಿಸುವವರು ಇವನ್ನು ಆರ್ಮ್‌ಸ್ಟ್ರಾಂಗ್ ಸಂಖ್ಯೆಗಳು ಎನ್ನುತ್ತಾರೆ. ಗಣಿತದ ಪುಸ್ತಕಗಳಲ್ಲಿ ನಾರ್ಸಿಸಿಸ್ಟಿಕ್ ಸಂಖ್ಯೆ ಎಂಬ ಹೆಸರಿದೆ. ನಿಯಮ ಸರಳ. ಸಂಖ್ಯೆಯಲ್ಲಿ ಎಷ್ಟು ಅಂಕಿಗಳಿವೆಯೋ ಪ್ರತಿ ಅಂಕಿಯನ್ನೂ ಅಷ್ಟನೇ ಘಾತಕ್ಕೆ ಏರಿಸಬೇಕು. ಬಂದದ್ದನ್ನೆಲ್ಲ ಕೂಡಿದರೆ ಮೂಲ ಸಂಖ್ಯೆಯೇ ಬರಬೇಕು. ಇಂಗ್ಲೆಂಡಿನ ಗಣಿತಜ್ಞ ಜಿ. ಎಚ್. ಹಾರ್ಡಿ 1940ರಲ್ಲಿ ಬರೆದ 'ಎ ಮ್ಯಾಥಮೆಟಿಷಿಯನ್ಸ್ ಅಪಾಲಜಿ' ಪುಸ್ತಕದಲ್ಲಿ ಈ ನಾಲ್ಕು ಸಂಖ್ಯೆಗಳನ್ನೇ ಉದಾಹರಣೆಯಾಗಿ ಕೊಟ್ಟು, ಇಂಥವು ಒಗಟಿನ ಅಂಕಣಕ್ಕೆ ಸರಿ, ಗಣಿತಜ್ಞನನ್ನು ಸೆಳೆಯುವ ಗುಣ ಇವಕ್ಕಿಲ್ಲ ಎಂಬ ಅಭಿಪ್ರಾಯ ಕೊಟ್ಟಿದ್ದ. ಗಣಿತದ ಆಳದ ದೃಷ್ಟಿಯಿಂದ ಅವನ ಮಾತು ಸರಿಯೇ ಇರಬಹುದು. ಆದರೆ ಒಂದು ಸಂಖ್ಯೆಗೆ ಈ ಗುಣ ಇದೆಯೇ ಎಂದು ಯಂತ್ರದಿಂದ ಪರೀಕ್ಷೆ ಮಾಡಿಸಲು ಹೊರಟಾಗ ಹಾರ್ಡಿ ಮುಟ್ಟದ ಬೇರೊಂದು ಪ್ರಶ್ನೆ ಎದುರಾಗುತ್ತದೆ: ಸಂಖ್ಯೆಯೊಳಗಿನ ಅಂಕಿಗಳನ್ನು ಹೊರಗೆ ತೆಗೆಯುವುದು ಹೇಗೆ?

ಮನುಷ್ಯನಿಗೆ ಇದು ಪ್ರಶ್ನೆಯೇ ಅಲ್ಲ. 153 ಎಂದು ಬರೆದ ಕೂಡಲೇ ಕಣ್ಣಿಗೆ ಒಂದು, ಐದು, ಮೂರು ಬೇರೆ ಬೇರೆಯಾಗಿ ಕಾಣುತ್ತವೆ. ಕಂಪ್ಯೂಟರಿನ ಸ್ಮೃತಿಯಲ್ಲಿ ಇರುವುದು ಆ ಮೂರು ಅಕ್ಷರಗಳಲ್ಲ. ಅಲ್ಲಿ 153 ಎಂಬ ಬೆಲೆ 10011001 ಎಂಬ ಎಂಟು ಬಿಟ್‌ಗಳಾಗಿ ಕೂತಿದೆ. ಅದರಲ್ಲಿ ಎಲ್ಲಿ ಹುಡುಕಿದರೂ 5 ಸಿಗುವುದಿಲ್ಲ. ಐದು ಹುಟ್ಟುವುದು ಆ ಬೆಲೆಯನ್ನು ಹತ್ತರ ಲೆಕ್ಕದಲ್ಲಿ ವಿಂಗಡಿಸಿದಾಗ ಮಾತ್ರ. ಆ ವಿಂಗಡಣೆಗೆ ಬೇಕಾದ ಸಾಧನ ಪ್ರಾಥಮಿಕ ಶಾಲೆಯ ಭಾಗಾಕಾರದಲ್ಲೇ ಇದೆ.

153 ರೂಪಾಯಿಯನ್ನು ಆದಷ್ಟೂ ಹತ್ತರ ನೋಟುಗಳಲ್ಲಿ ಕೊಡಬೇಕು ಎಂದುಕೊಳ್ಳಿ. 15 ನೋಟು ಕೊಡಬಹುದು, 3 ರೂಪಾಯಿ ಚಿಲ್ಲರೆ ಉಳಿಯುತ್ತದೆ. ಭಾಗಾಕಾರದ ಮಾತಿನಲ್ಲಿ 15 ಭಾಗಲಬ್ಧ, 3 ಶೇಷ. ಈ ಶೇಷ ಯಾವಾಗಲೂ ಬಿಡಿ ಸ್ಥಾನದ ಅಂಕಿಯೇ ಆಗಿರುತ್ತದೆ. ಏಕೆಂದರೆ ಹತ್ತು, ನೂರು, ಸಾವಿರದ ಸ್ಥಾನಗಳಲ್ಲಿ ಇರುವುದೆಲ್ಲ ಹತ್ತರಿಂದ ಪೂರ್ತಿ ಭಾಗವಾಗಿ ಹೋಗುತ್ತದೆ. ಹೋಗದೆ ಉಳಿಯುವುದು ಬಿಡಿ ಮಾತ್ರ. ಇನ್ನು ಭಾಗಲಬ್ಧವನ್ನು ನೋಡಿದರೆ, ಅದು ಕೊನೆಯ ಅಂಕಿ ಕಳಚಿಬಿದ್ದ ಮೂಲ ಸಂಖ್ಯೆ. ಶೇಷವನ್ನು ಕೊಡುವ ಕ್ರಿಯೆಗೆ ಮಾಡ್ಯುಲೋ ಎಂದು ಹೆಸರು, ಬಹುತೇಕ ಪ್ರೋಗ್ರಾಮಿಂಗ್ ಭಾಷೆಗಳಲ್ಲಿ ಅದರ ಗುರುತು `%`. ದಶಮಾಂಶದ ಭಾಗ ಬಿಟ್ಟು ಪೂರ್ಣಾಂಕ ಭಾಗಲಬ್ಧವನ್ನಷ್ಟೇ ಕೊಡುವ ಕ್ರಿಯೆಗೆ ಪೈಥಾನ್ ಭಾಷೆಯಲ್ಲಿ `//` ಎಂಬ ಗುರುತಿದೆ.

ಎರಡೂ ಒಟ್ಟಿಗೆ ಕೆಲಸ ಮಾಡಬೇಕು. ಮಾಡ್ಯುಲೋ ಕೊನೆಯ ಅಂಕಿಯನ್ನು ತೋರಿಸುತ್ತದೆ, ಭಾಗಾಕಾರ ಅದನ್ನು ಕಳಚುತ್ತದೆ. ಆಗ ಹಿಂದಿನ ಅಂಕಿ ಬಿಡಿ ಸ್ಥಾನಕ್ಕೆ ಬರುತ್ತದೆ, ಮತ್ತೆ ಮಾಡ್ಯುಲೋ. ಸಂಖ್ಯೆ ಸೊನ್ನೆಯಾಗುವವರೆಗೂ ಇದೇ ಸರದಿ. ಪೈಥಾನ್‌ನಲ್ಲಿ ಹೀಗೆ ಬರೆಯುತ್ತಾರೆ:

```
n = 153
m = n
total = 0
while m > 0:
    d = m % 10
    total = total + d ** 3
    m = m // 10
print(total == n)
```

ಇದನ್ನು ಕೈಯಲ್ಲೇ ಓಡಿಸಿ ನೋಡಬಹುದು. ಮೊದಲ ಸುತ್ತಿನಲ್ಲಿ `m` 153. ಶೇಷ 3, ಅದರ ಘನ 27, ಮೊತ್ತ 27. ಭಾಗಾಕಾರವಾದ ಮೇಲೆ `m` 15 ಆಗುತ್ತದೆ. ಎರಡನೇ ಸುತ್ತಿನಲ್ಲಿ ಶೇಷ 5, ಘನ 125, ಮೊತ್ತ 152. `m` ಈಗ 1. ಮೂರನೇ ಸುತ್ತಿನಲ್ಲಿ 1ನ್ನು 10ರಿಂದ ಭಾಗಿಸಿದರೆ ಶೇಷ 1, ಭಾಗಲಬ್ಧ 0. ಮೊತ್ತ 153ಕ್ಕೆ ಮುಟ್ಟಿತು, `m` ಸೊನ್ನೆಯಾಯಿತು, ಸುತ್ತು ನಿಂತಿತು. ಕೊನೆಯ ಸಾಲು ಮೊತ್ತವನ್ನು ಮೂಲ ಸಂಖ್ಯೆಯೊಡನೆ ಹೋಲಿಸಿ `True` ಎನ್ನುತ್ತದೆ.

ಅಂಕಿಗಳು ಹಿಂದುಮುಂದಾಗಿ ಬಂದವು ಎಂಬುದನ್ನು ಗಮನಿಸಬೇಕು. ಮೊದಲು 3, ಆಮೇಲೆ 5, ಕೊನೆಗೆ 1. ಸಂಕಲನಕ್ಕೆ ಕ್ರಮದ ಹಂಗಿಲ್ಲವಾದ್ದರಿಂದ ಇಲ್ಲಿ ಅದರಿಂದ ತೊಂದರೆಯಿಲ್ಲ. ಈ ಸಣ್ಣ ಸಂಗತಿ ಮುಂದೆ ದೊಡ್ಡ ಉಪಯೋಗಕ್ಕೆ ಬರುತ್ತದೆ.

ಕನ್ನಡದ ಓದುಗರು ಇಲ್ಲೇ ಒಂದು ಪ್ರಯೋಗ ಮಾಡಬಹುದು. ಪೈಥಾನ್‌ನಲ್ಲಿ `int("೧೫೩")` ಎಂದು ಕನ್ನಡದ ಅಂಕಿಗಳಲ್ಲೇ ಬರೆದರೂ ಅದು 153 ಎಂಬ ಬೆಲೆಯನ್ನು ಸರಿಯಾಗಿ ಕಟ್ಟಿಕೊಡುತ್ತದೆ. `int("೧೫೩") % 10` ಎಂದರೆ 3 ಎಂಬ ಉತ್ತರ ಬರುತ್ತದೆ. ಬೆಲೆ ಒಳಗೆ ಹೋದ ಮೇಲೆ ಅದಕ್ಕೆ ಲಿಪಿಯ ಗುರುತು ಉಳಿದಿರುವುದಿಲ್ಲ. ಮಾಡ್ಯುಲೋ ಕೇಳುವುದು ಹತ್ತರಿಂದ ಭಾಗಿಸಿದರೆ ಎಷ್ಟು ಉಳಿಯಿತು ಎಂಬುದನ್ನಷ್ಟೇ.

ಏಳೆಂಟು ಸಾಲಿನ ಈ ಪ್ರೋಗ್ರಾಂ ತಪ್ಪುವ ಜಾಗಗಳು ಬಹಳ. ಅತಿ ಸಾಮಾನ್ಯವಾದದ್ದು `m = n` ಎಂಬ ಎರಡನೇ ಸಾಲನ್ನು ಬಿಟ್ಟು, `n`ನ್ನೇ ಹತ್ತರಿಂದ ಭಾಗಿಸುತ್ತಾ ಹೋಗುವುದು. ಸುತ್ತು ಮುಗಿಯುವ ಹೊತ್ತಿಗೆ `n` ಸೊನ್ನೆಯಾಗಿರುತ್ತದೆ. ಮೊತ್ತ 153 ಎಂದು ಸರಿಯಾಗಿಯೇ ಬಂದಿದ್ದರೂ ಅದನ್ನು ಹೋಲಿಸುವುದು ಸೊನ್ನೆಯೊಡನೆ. ಹಾಗಾಗಿ 1ರಿಂದ ಮೇಲಿನ ಯಾವ ಸಂಖ್ಯೆ ಕೊಟ್ಟರೂ 'ಅಲ್ಲ' ಎಂಬ ಉತ್ತರವೇ ಬರುತ್ತದೆ. 153ಕ್ಕೂ 'ಅಲ್ಲ', 371ಕ್ಕೂ 'ಅಲ್ಲ' ಎಂದು ಬಂದರೆ ಮೂಲ ಸಂಖ್ಯೆಯ ಪ್ರತಿ ಎತ್ತಿಟ್ಟುಕೊಂಡಿದೆಯೇ ಎಂದು ಮೊದಲು ನೋಡಬೇಕು.

`//` ಬದಲು ಒಂದೇ ಗೆರೆಯ `/` ಹಾಕಿದರೆ ಆಗುವ ಅನಾಹುತ ಬೇರೆ ಥರದ್ದು. ಪೈಥಾನ್ 3ರಲ್ಲಿ ಒಂದು ಗೆರೆಯ ಭಾಗಾಕಾರ ದಶಮಾಂಶವನ್ನೂ ಉಳಿಸಿಕೊಳ್ಳುತ್ತದೆ. 153ನ್ನು 10ರಿಂದ ಭಾಗಿಸಿದರೆ 15.3, ಅದರ ಶೇಷ 5 ಅಲ್ಲ, 5.3. ಅದರ ಘನ 148.877. ಮುಂದಿನ ಸುತ್ತಿನಲ್ಲಿ 1.53, ಆಮೇಲೆ 0.153, 0.0153. ಸೊನ್ನೆಗೆ ಹತ್ತಿರವಾಗುತ್ತಾ ಹೋಗುತ್ತದೆಯೇ ಹೊರತು ಬೇಗ ಸೊನ್ನೆ ಮುಟ್ಟುವುದಿಲ್ಲ. ಯಂತ್ರ ಹಿಡಿದಿಡಬಲ್ಲ ಅತಿ ಸಣ್ಣ ಬೆಲೆಗಿಂತಲೂ ಕೆಳಗಿಳಿದ ಮೇಲೆ, ಅಂದರೆ ಮೂರು ಸುತ್ತಿನ ಬದಲು ಮುನ್ನೂರಕ್ಕೂ ಹೆಚ್ಚು ಸುತ್ತು ಹಾಕಿದ ಮೇಲೆ ನಿಲ್ಲುತ್ತದೆ. ಆಗ ಕೈಗೆ ಸಿಗುವ ಮೊತ್ತ ಸುಮಾರು 179.46. ಮೊತ್ತದಲ್ಲಿ ದಶಮಾಂಶದ ಚುಕ್ಕೆ ಕಂಡರೆ ತಪ್ಪು ಭಾಗಾಕಾರದಲ್ಲಿದೆ ಎಂದು ನಿಸ್ಸಂಶಯವಾಗಿ ಹೇಳಬಹುದು.

ಸಿ ಭಾಷೆಯಲ್ಲಿ ಈ ತಪ್ಪು ಆಗುವುದಿಲ್ಲ, ಅಲ್ಲಿ ಎರಡು ಪೂರ್ಣಾಂಕಗಳನ್ನು `/` ಎಂದು ಭಾಗಿಸಿದರೆ ಸಿಗುವುದೂ ಪೂರ್ಣಾಂಕವೇ. ಆದರೆ ಅಲ್ಲಿ ಇದಕ್ಕಿಂತ ನವಿರಾದ ಬಲೆಯೊಂದಿದೆ. ವಿದ್ಯಾರ್ಥಿ ಬರೆದ ಪ್ರೋಗ್ರಾಂ 100ರಿಂದ 999ರವರೆಗೆ ಹುಡುಕಿ 370, 371, 407 ಎಂದು ಮೂರನ್ನು ತೋರಿಸುತ್ತದೆ, ಎಲ್ಲರಿಗೂ ಗೊತ್ತಿರುವ 153 ಮಾತ್ರ ಕಾಣೆ. ತರ್ಕ ಸರಿಯಿದೆ, ಮೂಲದ ಪ್ರತಿಯೂ ಇದೆ. ಇಂಥ ಹೊತ್ತಿನಲ್ಲಿ ಅಂಕಿಗಳನ್ನೇ ವಿಚಾರಿಸಬೇಕು. 153ರಲ್ಲಿ ಇರುವುದು 1, 5, 3. ಇವುಗಳಲ್ಲಿ 1 ಮತ್ತು 3 ಪಾಸಾದ 371ರಲ್ಲೂ ಇವೆ, ಹಾಗಾಗಿ ಅವುಗಳ ಮೇಲೆ ಅನುಮಾನವಿಲ್ಲ. ಉಳಿದ ಮೂರು ಸಂಖ್ಯೆಗಳಲ್ಲಿ ಎಲ್ಲೂ ಇಲ್ಲದ ಅಂಕಿ 5. ದೋಷ 5ರ ಘನದಲ್ಲೇ ಇರಬೇಕು.

ಇರುವುದೂ ಅಲ್ಲೇ. ಸಿ ಭಾಷೆಯಲ್ಲಿ ಘಾತ ಕಂಡುಹಿಡಿಯಲು ಬಳಸುವ `pow` ಎಂಬುದು ದಶಮಾಂಶ ಸಂಖ್ಯೆಗಳಿಗಾಗಿ ಮಾಡಿದ ಸಾಧನ. ಕೆಲವು ಕಂಪೈಲರ್‌ಗಳಲ್ಲಿ `pow(5, 3)` ಒಳಗೊಳಗೇ 125ಕ್ಕಿಂತ ಕೂದಲೆಳೆಯಷ್ಟು ಕಡಿಮೆ ಬರುತ್ತದೆ, 124.999 ಎಂದು ಮುಂದುವರಿಯುವಂತೆ. ಅದನ್ನು ಪೂರ್ಣಾಂಕದ ಡಬ್ಬಿಗೆ ಹಾಕಿದಾಗ ಸಿ ಭಾಷೆ ಹತ್ತಿರದ ಸಂಖ್ಯೆಗೆ ತಿದ್ದುವುದಿಲ್ಲ, ಚುಕ್ಕೆಯ ಮುಂದಿನದನ್ನು ಕತ್ತರಿಸಿ ಎಸೆಯುತ್ತದೆ. 125 ಹೋಗಿ 124 ಆಯಿತು, ಮೊತ್ತ 152 ಆಯಿತು, 153 ಪಟ್ಟಿಯಿಂದ ಬಿದ್ದುಹೋಯಿತು. ಬೇರೆ ಯಂತ್ರದಲ್ಲಿ ಇದೇ ಪ್ರೋಗ್ರಾಂ ಸರಿಯಾಗಿ ಓಡುವುದರಿಂದ ವಿದ್ಯಾರ್ಥಿ ಇನ್ನಷ್ಟು ಗೊಂದಲಕ್ಕೆ ಬೀಳುತ್ತಾನೆ. ಪರಿಹಾರ ಕಷ್ಟದ್ದಲ್ಲ: `d * d * d` ಎಂದು ಪೂರ್ಣಾಂಕಗಳನ್ನೇ ಗುಣಿಸಿದರೆ ಮುಗಿಯಿತು. ಪೂರ್ಣಾಂಕದ ಕೆಲಸಕ್ಕೆ ದಶಮಾಂಶದ ಸಾಧನವನ್ನು ತರಬಾರದು.

ಮೇಲಿನ ಪ್ರೋಗ್ರಾಂನಲ್ಲಿ ಘಾತ 3 ಎಂದು ಗಟ್ಟಿಯಾಗಿ ಬರೆದಿದೆ, ಅದೂ ಒಂದು ಕೊರತೆಯೇ. 1634ನ್ನು ಅದಕ್ಕೆ ಕೊಟ್ಟರೆ 1, 216, 27, 64 ಕೂಡಿಕೊಂಡು 308 ಬರುತ್ತದೆ, ಉತ್ತರ 'ಅಲ್ಲ'. ನಾಲ್ಕಂಕಿಯ ಸಂಖ್ಯೆಗೆ ನಾಲ್ಕನೇ ಘಾತ ಬೇಕು. 1, 1296, 81, 256 ಕೂಡಿದರೆ ಸರಿಯಾಗಿ 1634. ಹಾಗಾಗಿ ಪರೀಕ್ಷೆಗೆ ಮೊದಲು ಅಂಕಿಗಳನ್ನು ಎಣಿಸಬೇಕು. ಎಣಿಕೆಗೂ ಅದೇ ಭಾಗಾಕಾರ ಸಾಕು, ಸೊನ್ನೆಯಾಗುವವರೆಗೆ ಎಷ್ಟು ಸಲ ಹತ್ತರಿಂದ ಭಾಗಿಸಬೇಕಾಯಿತು ಎಂದು ಲೆಕ್ಕವಿಟ್ಟರಾಯಿತು. ಲಾಗರಿದಮ್ ಬಳಸಿ ಒಂದೇ ಏಟಿಗೆ ಎಣಿಸುವ ಆಸೆ ಕೆಲವರಿಗಿರುತ್ತದೆ. ಅಲ್ಲೂ ದಶಮಾಂಶದ ಕಾಟ ತಪ್ಪಿದ್ದಲ್ಲ. ಪೈಥಾನ್‌ನಲ್ಲಿ `math.log(1000, 10)` ಕೊಡುವ ಉತ್ತರ 3 ಅಲ್ಲ, 2.9999999999999996. ಅದರ ಪೂರ್ಣಾಂಕ ಭಾಗಕ್ಕೆ 1 ಕೂಡಿಸಿದರೆ ಸಾವಿರದಲ್ಲಿ ಮೂರೇ ಅಂಕಿ ಎಂದಾಗುತ್ತದೆ.

ಮೂರಂಕಿಯಲ್ಲಿ ನಾಲ್ಕು, ನಾಲ್ಕಂಕಿಯಲ್ಲಿ 1634, 8208, 9474 ಎಂದು ಮೂರು. ಹಾಗಾದರೆ ಎರಡಂಕಿಯಲ್ಲಿ ಎಷ್ಟು? ಒಂದೂ ಇಲ್ಲ. ಇದನ್ನು ಯಂತ್ರವಿಲ್ಲದೆಯೇ ತೋರಿಸಬಹುದು. ಹತ್ತರ ಸ್ಥಾನದ ಅಂಕಿ a, ಬಿಡಿ ಸ್ಥಾನದ್ದು b ಆದರೆ ಸಂಖ್ಯೆಯ ಬೆಲೆ 10a + b. ಅದು a² + b²ಗೆ ಸಮವಾಗಬೇಕು. ಆಚೀಚೆ ಮಾಡಿದರೆ a(10 − a) = b(b − 1) ಎಂದಾಗುತ್ತದೆ. ಎಡಬದಿಯಲ್ಲಿ aಗೆ 1ರಿಂದ 9ರವರೆಗೆ ಏನೇ ಹಾಕಿದರೂ ಬರುವುದು 9, 16, 21, 24, 25 ಈ ಐದರಲ್ಲಿ ಒಂದು. ಬಲಬದಿಯಲ್ಲಿ ಬರಬಹುದಾದದ್ದು 0, 2, 6, 12, 20, 30, 42, 56, 72. ಎರಡು ಪಟ್ಟಿಗಳಲ್ಲಿ ಒಂದು ಸಂಖ್ಯೆಯೂ ಒಂದಕ್ಕೊಂದು ಹೊಂದುವುದಿಲ್ಲ.

ಇದು ಹತ್ತರ ಲೆಕ್ಕದ ಮಾತು. ಎಂಟರ ಲೆಕ್ಕದಲ್ಲಿ ಇಪ್ಪತ್ತನ್ನು 24 ಎಂದು ಬರೆಯುತ್ತಾರೆ, ಎರಡು ಎಂಟು ಮತ್ತು ನಾಲ್ಕು ಬಿಡಿ. 2ರ ವರ್ಗ 4, 4ರ ವರ್ಗ 16, ಕೂಡಿದರೆ ಇಪ್ಪತ್ತು! ಪ್ರೋಗ್ರಾಂನಲ್ಲಿ `% 10`, `// 10` ಇರುವ ಕಡೆ 8 ಎಂದು ತಿದ್ದಿ ಘಾತವನ್ನು 2 ಮಾಡಿದರೆ ಅದು ಈ ಸಂಖ್ಯೆಯನ್ನು ಹಿಡಿದುಕೊಡುತ್ತದೆ. 153ರ ಸೊಗಸು 153 ಎಂಬ ಬೆಲೆಯದ್ದಲ್ಲ, ಅದನ್ನು ನಾವು ಹತ್ತರ ಸ್ಥಾನಗಳಲ್ಲಿ ಬರೆಯುವ ಪದ್ಧತಿಯದ್ದು.

ಅಂಕಿಗಳ ಸಂಖ್ಯೆ ಹೆಚ್ಚಿದಂತೆ ಇಂಥ ಸಂಖ್ಯೆಗಳು ಮುಂದುವರಿಯುತ್ತಲೇ ಹೋಗುತ್ತವೆಯೇ? ಇಲ್ಲ, ಒಂದು ಗಡಿ ಇದೆ. ಅಂಕಿಗಳಲ್ಲಿ ದೊಡ್ಡದು 9. ಎಲ್ಲವೂ 9 ಆಗಿದ್ದಾಗ ಮೊತ್ತ ಅತಿ ಹೆಚ್ಚು. 61 ಅಂಕಿಗಳ ಸಂಖ್ಯೆಯಲ್ಲಿ ಆ ಮೊತ್ತ, ಅಂದರೆ 9ರ 61ನೇ ಘಾತದ 61 ಪಟ್ಟು, 61 ಅಂಕಿಯ ಅತಿ ಸಣ್ಣ ಸಂಖ್ಯೆಯನ್ನೂ ಮುಟ್ಟುವುದಿಲ್ಲ. ಸ್ವಲ್ಪದರಲ್ಲಿ ಹಿಂದೆ ಬೀಳುತ್ತದೆ. ಒಂದೊಂದು ಅಂಕಿ ಸೇರಿದಾಗಲೂ ಸಂಖ್ಯೆ ಹತ್ತು ಪಟ್ಟು ಬೆಳೆಯುತ್ತದೆ, ಮೊತ್ತದ ಮಿತಿ ಒಂಬತ್ತು ಪಟ್ಟಿಗಿಂತ ತುಸು ಹೆಚ್ಚು ಬೆಳೆಯುತ್ತದೆ ಅಷ್ಟೆ. ಅಲ್ಲಿಂದ ಮುಂದೆ ಅಂತರ ಹೆಚ್ಚುತ್ತಲೇ ಹೋಗುತ್ತದೆ. ಹೀಗಾಗಿ ಹುಡುಕಾಟ 60 ಅಂಕಿಗಳಿಗೆ ನಿಲ್ಲುತ್ತದೆ.

ನಿಲ್ಲುತ್ತದೆ ಎಂದ ಮಾತ್ರಕ್ಕೆ ಮುಗಿಸಬಹುದು ಎಂದಲ್ಲ. ಏಳಂಕಿಯ ಸಂಖ್ಯೆಗಳೇ 90 ಲಕ್ಷ ಇವೆ. ಒಂದೊಂದನ್ನೂ ಏಳು ಸಲ ಭಾಗಿಸಿ ಪರೀಕ್ಷಿಸುವುದು ಯಂತ್ರಕ್ಕೆ ಅಸಾಧ್ಯವೇನಲ್ಲ, ಆದರೆ ಪ್ರತಿ ಅಂಕಿ ಸೇರಿದಾಗಲೂ ಕೆಲಸ ಹತ್ತು ಪಟ್ಟಾಗುತ್ತದೆ. 39 ಅಂಕಿಗೆ ಹೋಗುವಷ್ಟರಲ್ಲಿ ಪರೀಕ್ಷಿಸಬೇಕಾದ ಸಂಖ್ಯೆಗಳು 9ರ ಮುಂದೆ 38 ಸೊನ್ನೆಗಳಷ್ಟು. ಯಾವ ಯಂತ್ರದಿಂದಲೂ ಆಗದ ಕೆಲಸ.

ಅಂಕಿಗಳು ಹಿಂದುಮುಂದಾಗಿ ಬಂದರೂ ಮೊತ್ತ ಬದಲಾಗಲಿಲ್ಲ ಎಂಬ ಸಂಗತಿ ಇಲ್ಲಿ ದಾರಿ ತೆರೆಯುತ್ತದೆ. 153, 135, 315, 351, 513, 531 ಈ ಆರಕ್ಕೂ ಘನಗಳ ಮೊತ್ತ ಒಂದೇ, 153. ಆರನ್ನೂ ಬೇರೆ ಬೇರೆ ಪರೀಕ್ಷಿಸುವುದು ವ್ಯರ್ಥ. ಅದಕ್ಕೆ ಬದಲು 1, 3, 5 ಎಂಬ ಒಂದು ಗುಂಪನ್ನು ತೆಗೆದುಕೊಂಡು ಮೊತ್ತ ಮಾಡಬೇಕು. ಬಂದ ಮೊತ್ತದ ಅಂಕಿಗಳನ್ನು ಮಾಡ್ಯುಲೋ ಮತ್ತು ಭಾಗಾಕಾರದಿಂದ ಬಿಡಿಸಿ, ಅವು ಅದೇ 1, 3, 5 ಆಗಿವೆಯೇ ಎಂದು ನೋಡಬೇಕು. ಆಗಿದ್ದರೆ ಆ ಮೊತ್ತವೇ ಬೇಕಾದ ಸಂಖ್ಯೆ. 1, 3, 6ರ ಗುಂಪಿಗೆ ಮೊತ್ತ 244. ಅದರ ಅಂಕಿಗಳು 2, 4, 4. ಹೊಂದಲಿಲ್ಲ, ಗುಂಪನ್ನು ಬಿಡಬಹುದು. 0, 4, 7ರ ಗುಂಪಿಗೆ ಮೊತ್ತ 407, ಅಂಕಿಗಳು ಅವೇ, ಸಿಕ್ಕಿತು. ಸಂಖ್ಯೆಯಿಂದ ಅಂಕಿಗೆ ಹೋಗುತ್ತಿದ್ದ ಹುಡುಕಾಟ ಈಗ ಅಂಕಿಯಿಂದ ಸಂಖ್ಯೆಗೆ ತಿರುಗಿಕೊಂಡಿತು. ಈ ವಿಷಯದಲ್ಲಿ ನಿಜಕ್ಕೂ ಜಾಣತನದ ಹೆಜ್ಜೆ ಇದೇ.

ಉಳಿತಾಯ ಎಷ್ಟೆಂದು ನೋಡಿ. ಮೂರಂಕಿಗೆ 900 ಸಂಖ್ಯೆಗಳ ಬದಲು 220 ಗುಂಪುಗಳು. ಅದು ದೊಡ್ಡ ವ್ಯತ್ಯಾಸವಲ್ಲ. ಏಳಂಕಿಗೆ 90 ಲಕ್ಷದ ಬದಲು 11,440 ಗುಂಪುಗಳು. 39 ಅಂಕಿಗೆ ಸುಮಾರು 168 ಕೋಟಿ. ಇದು ಸಣ್ಣ ಸಂಖ್ಯೆಯಲ್ಲ, ಆದರೆ ಯಂತ್ರ ಮಾಡಿ ಮುಗಿಸಬಲ್ಲ ಕೆಲಸ. 0ಯಿಂದ 9ರವರೆಗಿನ ಅಂಕಿಗಳ ಘಾತಗಳನ್ನು ಮೊದಲೇ ಒಂದು ಕೋಷ್ಟಕದಲ್ಲಿ ಬರೆದಿಟ್ಟುಕೊಂಡರೆ ಪ್ರತಿ ಸಲ ಗುಣಿಸುವ ಶ್ರಮವೂ ಉಳಿಯುತ್ತದೆ.

ಇಲ್ಲಿ ಇನ್ನೊಂದು ಎಚ್ಚರಿಕೆ ಬೇಕು. ಸಿ ಭಾಷೆಯ ಸಾಮಾನ್ಯ `int` ಹಿಡಿಯುವ ಅತಿ ದೊಡ್ಡ ಬೆಲೆ 2147483647. ಹತ್ತಂಕಿಯಲ್ಲಿ ಇರುವ ಏಕೈಕ ಆರ್ಮ್‌ಸ್ಟ್ರಾಂಗ್ ಸಂಖ್ಯೆ 4679307774 ಅದರಲ್ಲಿ ಕೂರುವುದಿಲ್ಲ. 9ರ ಹತ್ತನೇ ಘಾತ 3486784401, ಅದು ಕೂಡ ಕೂರುವುದಿಲ್ಲ. ಸಣ್ಣ ಸಂಖ್ಯೆಗಳಿಗೆ ಸರಿಯಾಗಿ ಓಡಿದ ಪ್ರೋಗ್ರಾಂ ಇಲ್ಲಿ ಏನೇನೋ ಬೆಲೆ ತೋರಿಸತೊಡಗಿದರೆ, ಮೊತ್ತ ಋಣ ಸಂಖ್ಯೆಯಾಗಿ ಬಂದರೆ, ಡಬ್ಬಿ ತುಂಬಿ ಹೊರಚೆಲ್ಲಿದೆ ಎಂದೇ ಅರ್ಥ. ಪೈಥಾನ್‌ನ ಪೂರ್ಣಾಂಕಗಳು ಬೇಕಾದಷ್ಟು ಉದ್ದ ಬೆಳೆಯಬಲ್ಲವಾದ್ದರಿಂದ ಈ ತೊಂದರೆ ಅಲ್ಲಿಲ್ಲ. 39 ಅಂಕಿಯ ಸಂಖ್ಯೆಯ ಮೇಲೂ `%` ಮತ್ತು `//` ಹಾಗೆಯೇ ನಡೆಯುತ್ತವೆ.

ಸಿಕ್ಕ ಸಂಖ್ಯೆಗಳಲ್ಲಿ ಜೋಡಿಗಳೂ ಇವೆ. 370ರ ಪಕ್ಕದಲ್ಲೇ 371, 24678050ರ ಪಕ್ಕದಲ್ಲೇ 24678051. ಕಾರಣ ಬಿಡಿ ಸ್ಥಾನದಲ್ಲಿದೆ. ಸೊನ್ನೆಯ ಘಾತ ಸೊನ್ನೆ, ಒಂದರ ಘಾತ ಒಂದು. ಕೊನೆಯ ಸೊನ್ನೆಯನ್ನು ಒಂದು ಮಾಡಿದರೆ ಸಂಖ್ಯೆಯೂ ಒಂದು ಹೆಚ್ಚುತ್ತದೆ, ಮೊತ್ತವೂ ಒಂದು ಹೆಚ್ಚುತ್ತದೆ. ಸೊನ್ನೆಯಲ್ಲಿ ಕೊನೆಯಾಗುವ ಒಂದು ಸಿಕ್ಕರೆ ಅದರ ಮುಂದಿನದು ಹುಡುಕದೆಯೇ ಸಿಕ್ಕಂತೆ.

ಹತ್ತರ ಲೆಕ್ಕದಲ್ಲಿ ಇಂಥ ಸಂಖ್ಯೆಗಳು ಒಟ್ಟು 88, ಅದಕ್ಕಿಂತ ಹೆಚ್ಚಿಲ್ಲ ಎಂದು ಡಿ. ವಿಂಟರ್ 1985ರಲ್ಲಿ ಸಾಧಿಸಿದರು. ಸೊನ್ನೆಯನ್ನು ಬಿಟ್ಟು, 1ರಿಂದ 9ರವರೆಗಿನ ಒಂಟಿ ಅಂಕಿಗಳನ್ನು ಸೇರಿಸಿದ ಎಣಿಕೆ ಇದು. ಗಡಿ 60 ಅಂಕಿಯವರೆಗೆ ಇದ್ದರೂ ಅತಿ ದೊಡ್ಡದು ನಿಂತಿರುವುದು 39 ಅಂಕಿಯಲ್ಲಿ: 115132219018763992565095597973971522401. ಇದರ ಕೊನೆಯಲ್ಲೂ 1 ಇದೆ, ಅದನ್ನು ಸೊನ್ನೆ ಮಾಡಿದರೆ 88ರಲ್ಲಿ ಇನ್ನೊಂದು ಸಿಗುತ್ತದೆ. ಪೈಥಾನ್ ಇರುವ ಕಂಪ್ಯೂಟರ್ ಹತ್ತಿರವಿದ್ದರೆ ಮೇಲಿನ ಪ್ರೋಗ್ರಾಂನಲ್ಲಿ `3` ಇರುವ ಘಾತದ ಜಾಗಕ್ಕೆ `39` ಹಾಕಿ ಈ ಸಂಖ್ಯೆಯನ್ನು ಕೊಟ್ಟು ನೋಡಿ. ಇಲ್ಲದಿದ್ದರೆ ಕಾಗದ, ಪೆನ್ನು ಹಿಡಿದು 9474ರಿಂದ ಶುರು ಮಾಡಬಹುದು. ಮೊದಲು ಕಳಚಬೇಕಾದ ಅಂಕಿ 4, ಅದರ ನಾಲ್ಕನೇ ಘಾತ 256.